ಒಂದೇ ಶನಿವಾರಕ್ಕೆ ಮೂರು ಒಪ್ಪಿಗೆ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆ. ಆಗುಂಬೆ ಕಡೆಯ ಮಳೆ ನಮ್ಮೂರಿಗೂ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಇದ್ದೂ ಇಲ್ಲದ ಹಾಗೆ. ಆ ನಾಲ್ಕು ತಿಂಗಳು ಬೆಳಗಿನ ಪ್ರಾರ್ಥನೆ, ಪಿ.ಟಿ. ಪೀರಿಯಡ್, ಬಿಸಿಯೂಟ ಎಲ್ಲವೂ ಒಂದೇ ಹಾಲ್‌ನಲ್ಲಿ. ಜಮಖಾನ ಹಾಸಿದರೆ 350 ಮಕ್ಕಳು ಕೂರುತ್ತಾರೆ, ಕುರ್ಚಿ ಹಾಕಿದರೆ 200 ಜನ. ಸುತ್ತಲಿನ ಆರೇಳು ಊರಿಗೆ ಸೂರು ಇರುವ ಇಷ್ಟು ದೊಡ್ಡ ಜಾಗ ಇನ್ನೊಂದಿಲ್ಲ. ಹಾಗಾಗಿ ಅದು ಶಾಲೆಯ ಹಾಲ್ ಅಂತ ಹೆಸರಿಗೆ ಮಾತ್ರ. ಕೇಳುವವರು ಎಲ್ಲಾ ಕಡೆಯಿಂದ ಬರುತ್ತಾರೆ.

ನಾನು ಗಣಿತ ಟೀಚರ್. ಹಾಲ್‌ನ ದಿನಚರಿ ಪುಸ್ತಕ ಬರೆಯುವ ಕೆಲಸವೂ ನನ್ನದೇ. ಆ ಪುಸ್ತಕಕ್ಕೆ ಒಂದು ನಿಯಮ ಬೇಕು ಅಂತ ನಮಗೆ ಗೊತ್ತಾಗಿದ್ದು ಒಂದು ಸೆಪ್ಟೆಂಬರ್‌ನ ಮೂರನೇ ಶನಿವಾರ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಗೆ ಅಕ್ಕಪಕ್ಕದ ಶಾಲೆಗಳ ಮಕ್ಕಳು ಬಂದಿಳಿದರು. ಕೆಲವು ಹುಡುಗಿಯರು ಜಾನಪದ ನೃತ್ಯಕ್ಕೆ ಸೀರೆ ಉಟ್ಟು, ಬಣ್ಣ ಹಚ್ಚಿಕೊಂಡೇ ಬಂದಿದ್ದರು. ಹತ್ತೂವರೆಗೆ ಊರಿನ ಸಹಕಾರ ಸಂಘದ ಸದಸ್ಯರು ಛತ್ರಿ ಮಡಚುತ್ತಾ ಒಳಗೆ ಬಂದರು. ಹನ್ನೊಂದಕ್ಕೆ ಅವರ ಸರ್ವಸದಸ್ಯರ ಸಭೆ. ಅವರ ನೋಟಿಸ್‌ನಲ್ಲಿ ಜಾಗ ಅಂತ ನಮ್ಮ ಹಾಲ್‌ನ ಹೆಸರೇ ಅಚ್ಚಾಗಿತ್ತು. ಹನ್ನೊಂದೂವರೆ ಹೊತ್ತಿಗೆ ಹತ್ತನೇ ಕ್ಲಾಸಿನ ಮಕ್ಕಳ ತಂದೆ-ತಾಯಂದಿರು ಒಬ್ಬೊಬ್ಬರೇ ಬಂದು ಗೋಡೆ ಪಕ್ಕ ನಿಂತರು. ಅವರಿಗೆ ಹನ್ನೆರಡಕ್ಕೆ ಸಭೆ ಅಂತ ಮಕ್ಕಳ ಡೈರಿಯಲ್ಲಿ ಬರೆದು ಕಳಿಸಿದ್ದೆವು.

ಮೂವರ ಕೈಯಲ್ಲೂ ಒಪ್ಪಿಗೆ ಇತ್ತು, ಮೂರೂ ನಿಜವಾದದ್ದೇ. ಸಂಘದ ಕಾರ್ಯದರ್ಶಿಗಳು ಜುಲೈನಲ್ಲೇ ನಮ್ಮ ಹೆಡ್ಮಾಸ್ಟರ್ ಹತ್ತಿರ ಕೇಳಿ ಹೂಂ ಅನ್ನಿಸಿಕೊಂಡಿದ್ದರು. ಪೋಷಕರ ಸಮಿತಿ ಅಧ್ಯಕ್ಷರು ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿದ್ದರು. ಪ್ರತಿಭಾ ಕಾರಂಜಿ ನಿಮ್ಮಲ್ಲೇ ಅಂತ, ಇಲಾಖೆಯಿಂದ ನಮ್ಮ ಕ್ಲಸ್ಟರ್‌ನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಅವರು ಒಂಬತ್ತು ದಿನ ಮೊದಲು ಹೇಳಿದಾಗ ನಾನೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಪುಸ್ತಕದ ಆ ಪುಟದಲ್ಲಿ ಇದ್ದದ್ದು ನನ್ನ ಒಂದೇ ಸಾಲು. ಉಳಿದ ಎರಡು ಒಪ್ಪಿಗೆ ಪುಸ್ತಕದ ಹೊರಗೆ, ಬಾಯಿಮಾತಿನಲ್ಲಿ ಇದ್ದವು.

ಸಂಘದ ಸಭೆ ಹಾಲ್‌ನಲ್ಲಿ ನಡೆಯಿತು. ನೋಟಿಸ್ ಕೊಟ್ಟು ಕರೆದ 200 ಜನರನ್ನು ಮಳೆಯಲ್ಲಿ ಎಲ್ಲಿಗೆ ಕಳಿಸುವುದು? ಮಕ್ಕಳ ಸ್ಪರ್ಧೆ ಕೋಣೆಗಳಿಗೆ ಹಂಚಿಹೋಯಿತು. ಜಾನಪದ ನೃತ್ಯವನ್ನು ಜಗಲಿಯಲ್ಲಿ ಮಾಡಿಸಿದೆವು. ಎಂಟು ಜನರ ತಂಡ, ಆರು ಅಡಿ ಅಗಲದ ಜಗಲಿ. ಒಂದು ಹುಡುಗಿಯ ಸೀರೆಯ ಅಂಚೆಲ್ಲ ಇರಚಲು ನೀರಿನಲ್ಲಿ ಒದ್ದೆಯಾಯಿತು. ಪೋಷಕರ ಸಭೆ ಮುಂದಕ್ಕೆ ಹೋಯಿತು. ಅವತ್ತಿನ ಕೂಲಿ ಬಿಟ್ಟು, ಇರೋ ಒಂದು ಬಸ್ಸು ಹಿಡಿದು ಬಂದಿದ್ದ ಒಬ್ಬರು ತಾಯಿ, "ಮೇಡಮ್ರೇ, ಮುಂದಿನ ಸಲ ಬರ್ಲಿಕ್ಕೆ ಆಗ್ತದೋ ಇಲ್ವೋ ಗೊತ್ತಿಲ್ಲ" ಅಂದು ಹೋದರು. ಮುಂದಿನ ಸಭೆಗೆ ಅವರು ಬರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಹಾಗೇ ಉಳಿದುಬಿಟ್ಟಿದೆ.

ದಸರಾ ರಜೆ ಮುಗಿದ ಮೇಲೆ ಹೆಡ್ಮಾಸ್ಟರ್ ಐದು ಜನರನ್ನು ಕೂರಿಸಿದರು. ಅವರು, ನಾನು, ಪಿ.ಟಿ. ಮೇಷ್ಟ್ರು, ಪೋಷಕರ ಸಮಿತಿ ಅಧ್ಯಕ್ಷರು, ಆಡಳಿತ ಮಂಡಳಿಯ ಕಾರ್ಯದರ್ಶಿಗಳು. ಮೊದಲ ಸಭೆಯಲ್ಲೇ, ಹತ್ತು ನಿಮಿಷದಲ್ಲಿ ಒಂದು ನಿಯಮ ಬರೆದೂ ಆಯಿತು. ಮೊದಲು ಶಿಕ್ಷಕರು, ಆಮೇಲೆ ಪೋಷಕರು, ಕೊನೆಗೆ ಹೊರಗಿನವರು. ಎಲ್ಲರೂ ತಲೆಯಾಡಿಸಿದರು. ಕೇಳಲಿಕ್ಕೆ ಸರಿಯಾಗಿಯೇ ಇತ್ತು, ಅಲ್ವಾ? ಶಾಲೆ ನಡೆಸುವವರು ಮೊದಲು, ದೂರದವರು ಕೊನೆಗೆ.

ಇದನ್ನು ನೋಟಿಸ್ ಬೋರ್ಡಿಗೆ ಹಾಕುವ ಮೊದಲು ಹಳೇ ಪುಸ್ತಕದ ಮೇಲೆ ಹೊಂದಿಸಿ ನೋಡುತ್ತೇನೆ, ಎರಡು ವಾರ ಕೊಡಿ ಅಂತ ಕೇಳಿದೆ. ಹಿಂದಿನ ಒಂದು ವರ್ಷದಲ್ಲಿ ದಿನಚರಿಯಲ್ಲಿ ಒಟ್ಟು 132 ಸಾಲು ಇದ್ದವು. ಶಿಕ್ಷಕರದ್ದು 74, ಪೋಷಕರದ್ದು 11, ಹೊರಗಿನವರದ್ದು 47. ನಮ್ಮ ಅಟೆಂಡರ್ ಹತ್ತಿರ ಬೀಗದ ಕೈ ಪುಸ್ತಕ ಅಂತ ಇನ್ನೊಂದಿದೆ. ಯಾವತ್ತು ಹಾಲ್ ತೆಗೆದೆ, ಯಾವತ್ತು ಹಾಕಿದೆ, ಯಾರು ಬಂದಿದ್ದರು ಅಂತ ಅವರು ತಪ್ಪದೆ ಬರೆಯುತ್ತಾರೆ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡಿದೆ. ಹಾಲ್ ವಿಷಯದಲ್ಲಿ ತಲೆಕೆಡಿಸಿಕೊಳ್ಳುವ ಯಾರೇ ಆದರೂ ಮೊದಲು ಈ ಕೆಲಸ ಮಾಡಬೇಕು ಅಂತ ನನಗೆ ಈಗ ಅನ್ನಿಸುತ್ತದೆ. ಕೇಳಿದ್ದು ಒಂದು ಪುಸ್ತಕದಲ್ಲಿ ಇರುತ್ತದೆ, ಬಳಸಿದ್ದು ಇನ್ನೊಂದರಲ್ಲಿ.

ತಾಳೆ ನೋಡಿದಾಗ ಮೊದಲು ಕಂಡದ್ದು, 'ಶಿಕ್ಷಕರು', 'ಪೋಷಕರು', 'ಹೊರಗಿನವರು' ಅನ್ನುವ ಹೆಸರುಗಳೇ ದಾರಿ ತಪ್ಪಿಸುತ್ತವೆ ಅಂತ. ಶಿಕ್ಷಕರ 74ರಲ್ಲಿ ಒಂದು ನಮ್ಮ ಸಹೋದ್ಯೋಗಿಯ ಮಗಳ ನಿಶ್ಚಿತಾರ್ಥ. ಇನ್ನೆರಡು ಶಿಕ್ಷಕರ ಸಂಘದ ಸಭೆ. ಹೊರಗಿನವರ 47ರಲ್ಲಿ ಒಂದು, ಆರೋಗ್ಯ ಇಲಾಖೆಯವರು ಬಂದು ನಮ್ಮದೇ ಮಕ್ಕಳ ಕಣ್ಣು, ಹಲ್ಲು ತಪಾಸಣೆ ಮಾಡಿದ ದಿನ. ನಮ್ಮ ಹತ್ತು ನಿಮಿಷದ ನಿಯಮದ ಪ್ರಕಾರ ನಿಶ್ಚಿತಾರ್ಥ ಮೊದಲು, ಮಕ್ಕಳ ತಪಾಸಣೆ ಕೊನೆಗೆ. ಪೋಷಕರ 11ರಲ್ಲೂ ಹಾಗೇ. ಏಳು ಮಕ್ಕಳ ಓದಿನ ಸಭೆಗಳು, ನಾಲ್ಕು ಮನೆಯ ಶುಭಕಾರ್ಯಗಳು.

ಹಾಗಾಗಿ ಕೇಳುವವರು ಯಾರು ಅನ್ನುವುದನ್ನು ಬಿಟ್ಟು, ಯಾತಕ್ಕೆ ಕೇಳುತ್ತಾರೆ ಅನ್ನುವುದಕ್ಕೆ ಆದ್ಯತೆ ಕಟ್ಟಿದೆವು. ಎಲ್ಲಕ್ಕಿಂತ ಮೇಲೆ, ನಾವು ಇಲ್ಲ ಅನ್ನಲಾಗದ್ದು. ಎಸ್‌.ಎಸ್‌.ಎಲ್‌.ಸಿ. ಪರೀಕ್ಷಾ ಕೇಂದ್ರವಾದಾಗ, ಚುನಾವಣೆಗೆ ಮತಗಟ್ಟೆಯಾದಾಗ, ಹೊಳೆ ಉಕ್ಕಿ ತಾಲ್ಲೂಕು ಆಡಳಿತ ಕಾಳಜಿ ಕೇಂದ್ರ ತೆರೆದಾಗ. ಅದರ ಕೆಳಗೆ ಮಕ್ಕಳೇ ಪಾಲ್ಗೊಳ್ಳುವ ಕೆಲಸ. ಅದರ ಕೆಳಗೆ ಮಕ್ಕಳ ಸಲುವಾಗಿ ದೊಡ್ಡವರು ಕೂಡುವ ಸಭೆ. ಆಮೇಲೆ ಊರಿಗೆಲ್ಲ ಬಾಗಿಲು ತೆರೆದ ಕಾರ್ಯಕ್ರಮ, ಅಂದರೆ ಸಂಘದ ಸಭೆ, ತಾಳಮದ್ದಳೆ, ಕೃಷಿ ಮಾಹಿತಿ ಶಿಬಿರ. ಕೊನೆಗೆ ಒಂದು ಮನೆಯ ಕಾರ್ಯ, ಅದು ಯಾರ ಮನೆಯದ್ದೇ ಆಗಲಿ. ನಮ್ಮ ಸಹೋದ್ಯೋಗಿಗೂ ಇದೇ ಸಾಲು, ಆಡಳಿತ ಮಂಡಳಿಯವರಿಗೂ ಇದೇ ಸಾಲು.

ಇದಕ್ಕೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಹಾಲ್ ಕಟ್ಟಲು ದೊಡ್ಡ ಮೊತ್ತ ಕೊಟ್ಟ ಮನೆಯವರಿಗೆ ಯಾವತ್ತು ಕೇಳಿದರೂ ಕೊಡುತ್ತೇವೆ ಅಂತ ಹಿಂದೆ ಮಾತು ಕೊಟ್ಟಿದ್ದರಂತೆ. ಮಾತು ಮಾತೇ. ಅದನ್ನು ಮುರಿಯಬೇಕು ಅಂತ ನಾವು ಯಾರೂ ಹೇಳಲಿಲ್ಲ. ವರ್ಷಕ್ಕೆ ಎರಡು ದಿನ, ಬಾಡಿಗೆ ಇಲ್ಲದೆ, ಆದರೆ ಉಳಿದವರ ಹಾಗೆ ಮೊದಲೇ ಬರೆಸಬೇಕು ಅಂತ ಕೇಳಿಕೊಂಡೆವು. ಆ ಮನೆಯ ಹಿರಿಯರು ತಕ್ಷಣ ಒಪ್ಪಿದರು.

ಆದರೆ ನಿಜವಾದ ಗಂಟು ಇದ್ದದ್ದು ಬೇರೆ ಕಡೆ. ಅರ್ಜಿಗಳ ಮೇಲಿನ ತಾರೀಖು ನೋಡುತ್ತಾ ಹೋದಾಗ ಅದು ಕಂಡಿತು.

ಹೊರಗಿನವರು ಹೆಚ್ಚು ಕಡಿಮೆ ಎರಡು ತಿಂಗಳು ಮೊದಲು ಕೇಳುತ್ತಾರೆ. ಸಹಕಾರ ಸಂಘಕ್ಕೆ ಲೆಕ್ಕಪತ್ರ ಅಚ್ಚಾಗಬೇಕು, ಸದಸ್ಯರಿಗೆ ನೋಟಿಸ್ ಹೋಗಬೇಕು. ಮದುವೆ ಮನೆಯವರಿಗೆ ಮುಹೂರ್ತ ಇಟ್ಟ ದಿನವೇ ಜಾಗ ಬೇಕು. ಪೋಷಕರು ಎರಡು ಮೂರು ವಾರ ಮೊದಲು ಕೇಳುತ್ತಾರೆ. ನಾವು ಶಿಕ್ಷಕರು ನಾಲ್ಕರಿಂದ ಎಂಟು ದಿನ ಮೊದಲು. ಇದು ನಮ್ಮ ಅಸಡ್ಡೆ ಅಂತ ನಾನು ಹೇಳುವುದಿಲ್ಲ. ಇಲಾಖೆಯಿಂದ ಸುತ್ತೋಲೆ ಬರುವುದೇ ಹಾಗೆ. ಪಾಠ ಎಲ್ಲಿಗೆ ಮುಗಿಯುತ್ತದೆ ಅಂತ ಎರಡು ತಿಂಗಳು ಮೊದಲು ಯಾರಿಗೂ ಗೊತ್ತಿರುವುದಿಲ್ಲ.

ಈಗ ಯೋಚನೆ ಮಾಡಿ. ಯಾರು ಮೊದಲು ಕೇಳಿದರೋ ಅವರಿಗೆ ಅಂದುಬಿಟ್ಟರೆ ಹಾಲ್ ಯಾವಾಗಲೂ ಹೊರಗಿನವರ ಪಾಲು. ಮಕ್ಕಳ ಕೆಲಸ ಬರುವ ಹೊತ್ತಿಗೆ ಪುಸ್ತಕ ತುಂಬಿರುತ್ತದೆ. ಮಕ್ಕಳ ಕೆಲಸ ಯಾವಾಗ ಬಂದರೂ ಅದಕ್ಕೇ ಮೊದಲು ಅಂದುಬಿಟ್ಟರೆ ಹೊರಗಿನವರಿಗೆ ಕೊಟ್ಟ ಒಪ್ಪಿಗೆಗೆ ಬೆಲೆಯೇ ಇಲ್ಲ. ನೋಟಿಸ್ ಹೋದ ಮೇಲೆ, ಲಗ್ನಪತ್ರಿಕೆ ಹಂಚಿದ ಮೇಲೆ, ಒಂದು ವಾರ ಇರುವಾಗ ಹಾಲ್ ಇಲ್ಲ ಅನ್ನಬೇಕಾಗುತ್ತದೆ. ಯಾರ ಕೆಲಸ ಮೇಲು ಅಂತ ಎಷ್ಟೇ ಚೆನ್ನಾಗಿ ಸಾಲು ಹಾಕಿದರೂ ಈ ತೊಡಕು ಬಿಡುವುದಿಲ್ಲ. ಆದ್ಯತೆ ಎಲ್ಲಿಯ ತನಕ ಇರುತ್ತದೆ, ಯಾವತ್ತು ಮುಗಿಯುತ್ತದೆ ಅಂತ ಬರೆಯದಿದ್ದರೆ ಆ ಸಾಲಿನಿಂದ ಪ್ರಯೋಜನ ಇಲ್ಲ.

ಮೂರು ಸಭೆ ಇದರ ಮೇಲೆಯೇ ಕಳೆದವು. ಕೊನೆಗೆ ಹೀಗೆ ಮಾಡಿದೆವು. ಶಾಲೆಯ ವರ್ಷದ ಕ್ಯಾಲೆಂಡರ್‌ನಲ್ಲಿ ಮೊದಲೇ ಗೊತ್ತಿರುವ ದಿನಗಳು, ಅಂದರೆ ಪರೀಕ್ಷೆ, ಸ್ವಾತಂತ್ರ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಅದರ ತಾಲೀಮು, ಇವೆಲ್ಲ ಜೂನ್ 15ರೊಳಗೆ ಪುಸ್ತಕಕ್ಕೆ ಬರಬೇಕು. ಅದಕ್ಕೆ ಮೊದಲು ಹೊರಗಿನ ಯಾರಿಗೂ ಆ ವರ್ಷದ ದಿನ ಕೊಡುವುದಿಲ್ಲ. ಆಮೇಲೆ ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಶಾಲೆಗೆ ಮೀಸಲು. ಆ ಎರಡು ದಿನ ಯಾರು ಎಷ್ಟೇ ಮೊದಲು ಬಂದು ಕೇಳಿದರೂ ಕೊಡುವ ಹಾಗಿಲ್ಲ. ತಡವಾಗಿ ಹುಟ್ಟುವ ಕೆಲಸಕ್ಕೆ ಅಂತಲೇ ಇಟ್ಟ ಜಾಗ ಅದು. ಆದರೆ ಅದೂ ಕೊನೆಯ ತನಕ ಅಲ್ಲ. ಆ ಶನಿವಾರಕ್ಕೆ ಸರಿಯಾಗಿ 14 ದಿನ ಇರುವಾಗ ಶಾಲೆಯಿಂದ ಯಾರೂ ಬರೆಸಿಲ್ಲ ಅಂದರೆ ಮೀಸಲು ಬಿದ್ದುಹೋಗುತ್ತದೆ. ಆಮೇಲೆ ಯಾರು ಬೇಕಾದರೂ ಕೇಳಬಹುದು. ಉಳಿದ ಶನಿವಾರ, ಭಾನುವಾರಗಳು ಮೊದಲಿನಿಂದಲೇ ಎಲ್ಲರಿಗೂ ತೆರೆದಿವೆ.

ಮೊದಲು ನಾವು 21 ದಿನ ಅಂತ ಬರೆದಿದ್ದೆವು. ತಾರೀಖುಗಳ ಮೇಲೆ ಹೊಂದಿಸಿ ನೋಡಿದಾಗ 21 ದಿನಕ್ಕೆ ಮೀಸಲು ಬಿಟ್ಟರೆ ಪೋಷಕರ ಸಭೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಲೇ ತಡವಾಗುತ್ತಿತ್ತು. ಏಳು ದಿನಕ್ಕೆ ಇಳಿಸಿದರೆ ಬಿಟ್ಟ ದಿನವನ್ನು ಹೊರಗಿನವರು ಬಳಸಲು ಸಮಯವೇ ಇರುವುದಿಲ್ಲ, ಹಾಲ್ ಖಾಲಿ ಬೀಳುತ್ತದೆ. 14 ಅನ್ನುವುದು ನಮ್ಮೂರಿನ ತಾರೀಖುಗಳಿಂದ ಬಂದ ಸಂಖ್ಯೆ. ಬೇರೆ ಶಾಲೆಯಲ್ಲಿ ಅದು ಬೇರೆ ಬಂದರೂ ಬರಬಹುದು.

ಇದರ ಜೊತೆಗೇ ಇನ್ನೊಂದು ಸಾಲು. ಒಮ್ಮೆ ಪುಸ್ತಕದಲ್ಲಿ ಖಾತ್ರಿ ಅಂತ ಸಹಿ ಬಿದ್ದ ಮೇಲೆ ಮೇಲಿನ ಸಾಲಿನವರು ಬಂದರೂ ಎಬ್ಬಿಸುವ ಹಾಗಿಲ್ಲ. ಪರೀಕ್ಷೆ, ಚುನಾವಣೆ, ಕಾಳಜಿ ಕೇಂದ್ರ, ಈ ಮೂರಕ್ಕೆ ಮಾತ್ರ ವಿನಾಯಿತಿ. ಹಾಗೆ ಎಬ್ಬಿಸಬೇಕಾಗಿ ಬಂದರೆ ಕಟ್ಟಿದ ಹಣ ಪೂರ್ತಿ ವಾಪಸ್, ಮುಂದಿನ ಖಾಲಿ ದಿನದಲ್ಲಿ ಅವರಿಗೇ ಮೊದಲು. ಆದ್ಯತೆಯ ಸಾಲು ಕೆಲಸ ಮಾಡುವುದು ಒಂದೇ ಹೊತ್ತಿಗೆ ಇಬ್ಬರು ಕೇಳಿದಾಗ ಮಾತ್ರ, ಕೊಟ್ಟದ್ದನ್ನು ಕಿತ್ತುಕೊಳ್ಳಲು ಅಲ್ಲ. ಈ ಮಾತು ಸ್ಪಷ್ಟವಾದ ಮೇಲೆ ಸಂಘದ ಕಾರ್ಯದರ್ಶಿಗಳಿಗೆ ಕರೆದು ಹೇಳಿದೆವು. "ಇಷ್ಟು ಬರೆದು ಕೊಟ್ರೆ ಸಾಕು ಮಾರಾಯ್ರೇ. ಕೊನೇ ಸಾಲಲ್ಲಿ ಇಡಿ ಬೇಕಾದ್ರೆ. ಕೊಟ್ಟ ಮೇಲೆ ಇಲ್ಲ ಅನ್ಬೇಡಿ" ಅಂದರು.

ಇನ್ನು ಬಳಸದೆ ಬಿಟ್ಟ ದಿನಗಳ ವಿಷಯ. ಶಿಕ್ಷಕರ 74ರಲ್ಲಿ 29 ದಿನ ಹಾಲ್ ಬಾಗಿಲೇ ತೆಗೆದಿರಲಿಲ್ಲ. ಬೀಗದ ಕೈ ಪುಸ್ತಕ ಅದನ್ನು ಹೇಳುತ್ತಿತ್ತು. ನಾನು ಆ ಪಟ್ಟಿ ಮೇಜಿನ ಮೇಲೆ ಇಟ್ಟಾಗ ಕೋಣೆ ಸುಮ್ಮನಾಯಿತು. ಸುಮ್ನೆ ಇರಲಿ ಅಂತ ಬರೆಸಿಟ್ಟು ಆಮೇಲೆ ಮರೆತ ದಿನಗಳು ಅಂತ ನಾನು ಅಂದುಕೊಂಡಿದ್ದೆ. ಬಳಸದವರ ಹಕ್ಕು ಕಡಿಮೆ ಮಾಡೋಣ ಅಂತ ಒಂದು ಸಾಲು ಬರೆದುಕೊಂಡೂ ಬಂದಿದ್ದೆ.

ಆಗ ಪಿ.ಟಿ. ಮೇಷ್ಟ್ರು ಪಟ್ಟಿ ಎಳೆದುಕೊಂಡು ನೋಡಿದರು. "ಇದ್ರಲ್ಲಿ 17 ನಂದು ಟೀಚರ್. ಜುಲೈದು, ಆಗಸ್ಟ್‌ದು. ಆ ದಿನ ಬಿಸಿಲು ಬಿತ್ತು, ನಾನು ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಹೋದೆ. ಬಿಸಿಲು ಬರ್ತದೆ ಅಂತ ಮೊದ್ಲೇ ಹೇಗೆ ಗೊತ್ತಾಗ್ತದೆ? ಮಳೆ ಬಂದಿದ್ರೆ ಈ ಹಾಲ್ ಬೇಕೇ ಬೇಕಿತ್ತು."

ಅವರ ಮಾತು ಪೂರ್ತಿ ಸರಿ. ಅವರು ಹಾಲ್ ಹಿಡಿದಿಟ್ಟುಕೊಂಡದ್ದು ಮಳೆಗೆ ಛತ್ರಿ ಇಟ್ಟುಕೊಂಡ ಹಾಗೆ. ಬಿಚ್ಚಲಿಲ್ಲ ಅಂದ ಮಾತ್ರಕ್ಕೆ ಅದು ಬೇಡವಾಗಿತ್ತು ಅಂತ ಅಲ್ಲ. ನನ್ನ ಎಣಿಕೆ ತಪ್ಪಿರಲಿಲ್ಲ. ಎಣಿಕೆಯಿಂದ ನಾನು ತೆಗೆದ ಅರ್ಥ ತಪ್ಪಾಗಿತ್ತು. ಆ ಸಂಜೆ ಅವರ ಹತ್ತಿರ ಕ್ಷಮೆ ಕೇಳಿದೆ. ಆಮೇಲೆ ನಿಯಮ ಬದಲಾಯಿಸಿದೆವು. ಜೂನ್‌ನಿಂದ ಸೆಪ್ಟೆಂಬರ್ ತನಕ ಶಾಲೆಯ ಹೊತ್ತಿನಲ್ಲಿ ಹಾಲ್ ಪ್ರಾರ್ಥನೆಗೆ, ಪಿ.ಟಿ.ಗೆ, ಊಟಕ್ಕೆ ಸೇರಿದ್ದು. ಅದಕ್ಕೆ ಯಾರೂ ಬರೆಸುವುದು ಬೇಡ. ಆ ಹೊತ್ತಿನಲ್ಲಿ ಬೇರೆ ಯಾರಿಗಾದರೂ ಹಾಲ್ ಬೇಕಾದರೆ ಮೊದಲು ಆ ಮಕ್ಕಳಿಗೆ ಸೂರಿರುವ ಬೇರೆ ಜಾಗ ತೋರಿಸಬೇಕು. ತೋರಿಸಲಾಗದಿದ್ದರೆ ಅರ್ಜಿಯೇ ಬೇಡ. ಇದನ್ನು ನಾವು ಮಳೆಯ ಸಾಲು ಅಂತ ಕರೆಯುತ್ತೇವೆ.

ಉಳಿದ 12 ನಿಜಕ್ಕೂ ಮರೆತ ದಿನಗಳು. ಅದರಲ್ಲಿ ಎರಡು ನನ್ನವೇ. ಅದಕ್ಕೆ ಬೇರೆ ಸಾಲು ಬಂತು. ಬರೆಸಿದವರು ಏಳು ದಿನ ಇರುವಾಗ ಬಂದು ಮತ್ತೊಮ್ಮೆ ಸಹಿ ಹಾಕಬೇಕು. ಹಾಕದಿದ್ದರೆ ನಾನೇ ಒಮ್ಮೆ ಕೇಳುತ್ತೇನೆ. ಆಗಲೂ ಬರದಿದ್ದರೆ ಆ ಸಾಲು ಹೊಡೆದುಹಾಕುವುದು. ಇದು ಶಿಕ್ಷಕರಿಗೂ ಹೊರಗಿನವರಿಗೂ ಒಂದೇ. ನಮ್ಮವರಲ್ಲಿ ಕೆಲವರಿಗೆ ಬೇಸರವಾಯಿತು. "ನಮ್ಮ ಶಾಲೆ, ನಾವೇ ಎರಡು ಸಲ ಸಹಿ ಹಾಕ್ಬೇಕಾ?" ಅಂತ ಒಬ್ಬರು ಕೇಳಿದರು. ಜಗಲಿಯಲ್ಲಿ ಕುಣಿದವರಲ್ಲಿ ನಮ್ಮ ಶಾಲೆಯ ಹುಡುಗಿಯರೂ ಇದ್ದರಲ್ವಾ ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಒಂದೇ ಸಾಲಿನಲ್ಲಿ ಇಬ್ಬರು ಬಂದರೆ ಏನು? ಹಿರಿಯ ಶಿಕ್ಷಕರಿಗೆ ಅಂತ ಒಬ್ಬರು ಅಂದರು. ಒಪ್ಪಲಿಲ್ಲ. ಆ ಅವಧಿಯಲ್ಲಿ ಯಾರಿಗೆ ಕಡಿಮೆ ಸಲ ಸಿಕ್ಕಿದೆಯೋ ಅವರಿಗೆ, ಅದೂ ಸಮ ಇದ್ದರೆ ಚೀಟಿ ಎತ್ತುವುದು ಅಂತ ಮುಗಿಸಿದೆವು.

ಹೊತ್ತಿನ ಲೆಕ್ಕ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಮ್ಮ ಹಳೇ ಜಗಳಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿದ್ದು. ಪುಸ್ತಕದಲ್ಲಿ 'ಭಾನುವಾರ ಮದುವೆ' ಅಂತ ಒಂದು ಸಾಲು ಇರುತ್ತದೆ. ಆದರೆ ಶನಿವಾರ ಮಧ್ಯಾಹ್ನವೇ ಪಾತ್ರೆ ಇಳಿಯುತ್ತದೆ, ಮಂಟಪ ಕಟ್ಟುವವರು ಬರುತ್ತಾರೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಬಂದರೆ ನೆಲವೆಲ್ಲ ಅಂಟು, ಮೂಲೆಯಲ್ಲಿ ಎಲೆಯ ರಾಶಿ. ಬರೆದದ್ದು ಒಂದು ದಿನ, ಹೋದದ್ದು ಎರಡೂವರೆ ದಿನ. ಮಳೆಗಾಲದ ತಾಳಮದ್ದಳೆಯೂ ಹಾಗೇ. ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ನಮ್ಮ ಕಡೆ ತಾಳಮದ್ದಳೆಗೆ ಬೇಡಿಕೆ ಜಾಸ್ತಿ, ಅರ್ಥಧಾರಿಗಳು ಮಾತಿಗೆ ಇಳಿದರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಈಗ ಪುಸ್ತಕದಲ್ಲಿ ಒಂದು ಕಾರ್ಯಕ್ರಮಕ್ಕೆ ಮೂರು ಹೊತ್ತು ಬರೆಯುತ್ತೇವೆ. ಬೀಗದ ಕೈ ಯಾವಾಗ ಬೇಕು, ಕಾರ್ಯಕ್ರಮ ಯಾವಾಗ, ಗುಡಿಸಿ ಒರೆಸಿ ಬೀಗದ ಕೈ ಯಾವಾಗ ವಾಪಸ್. ಬಾಡಿಗೆ, ಆದ್ಯತೆ ಎರಡೂ ಮೊದಲನೇ ಹೊತ್ತಿನಿಂದ ಮೂರನೇ ಹೊತ್ತಿನ ತನಕ. ರಾತ್ರಿ ಹತ್ತಕ್ಕೆ ಮೈಕ್ ಬಂದ್. ನಮ್ಮ ಹಾಲ್‌ನ ಮೇಲ್ಗಡೆ ಎಲ್ಲಾ ಜಾಲರಿ, ಸದ್ದು ಪೂರ್ತಿ ಹೊರಗೆ ಹೋಗುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಹೊರಗಿನ ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ತಡೆಯೂ ಇದೆ. ಹತ್ತರ ನಂತರ ಮೈಕ್ ಇಲ್ಲದೆ ಮಾಡುತ್ತೇವೆ ಅಂದರೆ ತಾಳಮದ್ದಳೆಯವರಿಗೆ ಹನ್ನೊಂದೂವರೆ ತನಕ ಬಿಡುತ್ತೇವೆ.

ಎಲ್ಲಾ ಬರೆದಾದ ಮೇಲೆ ಆ ಮೂರನೇ ಶನಿವಾರವನ್ನು ಹೊಸ ನಿಯಮದ ಮೇಲೆ ಮತ್ತೊಮ್ಮೆ ಇಟ್ಟು ನೋಡಿದೆವು. ಸಂಘದವರು ಜುಲೈನಲ್ಲಿ ಕೇಳಿದ್ದರು. ಮೂರನೇ ಶನಿವಾರ ಮೀಸಲು ದಿನ ಅಲ್ಲ. ಹನ್ನೊಂದೂವರೆಗೆ ಶಾಲೆ ಬಿಡುತ್ತದೆ. ಮಳೆಯ ಸಾಲಿನ ಪ್ರಕಾರ ಅದಕ್ಕೆ ಮೊದಲು ಹಾಲ್ ಸಿಗುವುದಿಲ್ಲ. ಹಾಗಾಗಿ ಸಭೆ ಹನ್ನೊಂದಕ್ಕಲ್ಲ, ಹನ್ನೆರಡೂವರೆಗೆ ಇಟ್ಟುಕೊಳ್ಳಬೇಕಿತ್ತು. ನೋಟಿಸ್ ಅಚ್ಚಾಗುವ ಮೊದಲೇ ಅದು ಅವರಿಗೆ ಗೊತ್ತಾಗುತ್ತಿತ್ತು. ಪೋಷಕರ ಸಮಿತಿಯವರು ಮೂರು ವಾರ ಇರುವಾಗ ಕೇಳಿದ್ದರು. ಪುಸ್ತಕ ತೆಗೆದರೆ ಆ ದಿನ ತುಂಬಿದೆ. ನಾಲ್ಕನೇ ಶನಿವಾರ ಮೀಸಲು, ಮಕ್ಕಳ ಸಲುವಾಗಿ ಇರುವ ಸಭೆ, ಹಾಗಾಗಿ ಅದು ಅವರಿಗೆ. ಡೈರಿಯಲ್ಲಿ ಬರೆದು ಕಳಿಸುವ ಮೊದಲೇ ದಿನ ಸರಿಹೋಗುತ್ತಿತ್ತು. ಆ ತಾಯಿ ಒಂದೇ ಸಲ ಬಂದು ಹೋಗುತ್ತಿದ್ದರು.

ಪ್ರತಿಭಾ ಕಾರಂಜಿ ಮಾತ್ರ ಬಗೆಹರಿಯಲಿಲ್ಲ. ಅದು ಗೊತ್ತಾದದ್ದು ಒಂಬತ್ತು ದಿನ ಇರುವಾಗ. ಎರಡನೇ ಶನಿವಾರ ಎರಡೇ ದಿನದಲ್ಲಿ ಇತ್ತು, ತಯಾರಿಗೆ ಸಾಲದು. ಮೂರನೆಯದ್ದು ಸಂಘಕ್ಕೆ, ನಾಲ್ಕನೆಯದ್ದು ಪೋಷಕರಿಗೆ. ಇದು ಇಲಾಖೆಯ ಕಾರ್ಯಕ್ರಮ, ಇಲ್ಲ ಅನ್ನಲಾಗದ ಸಾಲಿಗೆ ಸೇರಿಸೋಣ ಅಂತ ಹೆಡ್ಮಾಸ್ಟರ್ ಅಂದರು. ನಾನು ಬೇಡ ಅಂದೆ. ಪರೀಕ್ಷೆಯ ದಿನವನ್ನು ಯಾರೂ ನಮಗಾಗಿ ಬದಲಾಯಿಸುವುದಿಲ್ಲ. ಕ್ಲಸ್ಟರ್‌ನ ಸ್ಪರ್ಧೆ ಯಾವ ದಿನ, ಯಾವ ಶಾಲೆಯಲ್ಲಿ ಅನ್ನುವುದು ಮಾತಾಡಿ ಗೊತ್ತು ಮಾಡುವಂಥದ್ದು. ಅದನ್ನೂ ಮೇಲಿನ ಸಾಲಿಗೆ ಹಾಕಿದರೆ ನಾಳೆ ಇಲಾಖೆಯ ಹೆಸರು ಹೇಳಿ ಬಂದದ್ದೆಲ್ಲ ಮೇಲೇ ಕೂರುತ್ತದೆ, ಉಳಿದವರ ಖಾತ್ರಿಗೆ ಮತ್ತೆ ಬೆಲೆ ಇಲ್ಲ. ಕೊನೆಗೆ ಜೂನ್‌ನಲ್ಲೇ ಸಿ.ಆರ್.ಪಿ. ಅವರಿಗೆ ನಮ್ಮ ಮೀಸಲು ಶನಿವಾರಗಳ ಪಟ್ಟಿ ಕೊಡುವುದು, ನಮ್ಮಲ್ಲಿ ಮಾಡುವುದಾದರೆ ಇವುಗಳಲ್ಲೇ ಇಡಿ ಅಂತ ಕೇಳಿಕೊಳ್ಳುವುದು ಅಂತ ಆಯಿತು. ಮುಂದಿನ ವರ್ಷ ಅವರು ಆಗಸ್ಟ್‌ನ ನಾಲ್ಕನೇ ಶನಿವಾರ ಆರಿಸಿಕೊಂಡರು. ನೃತ್ಯ ಹಾಲ್‌ನಲ್ಲೇ ಆಯಿತು.

ಬಾಯಿಮಾತಿನಲ್ಲಿ ಒಪ್ಪಿಗೆ ಕೊಡುವುದು ನಿಂತದ್ದು ನಿಯಮದಿಂದ ಅಲ್ಲ, ಹೆಡ್ಮಾಸ್ಟರ್ ಮನಸ್ಸು ಮಾಡಿದ್ದರಿಂದ. ಈಗ ಯಾರಾದರೂ ರಸ್ತೆಯಲ್ಲಿ ಸಿಕ್ಕಿ ಹಾಲ್ ಕೇಳಿದರೆ, "ಟೀಚರ್ ಹತ್ರ ಪುಸ್ತಕ ಇದೆ, ಅಲ್ಲಿ ಬರೆಸಿ" ಅನ್ನುತ್ತಾರೆ. ಊರಿನ ದೊಡ್ಡವರಿಗೂ ಅದೇ ಮಾತು. ಅವರಿಗೆ ಅದು ಸುಲಭ ಇರಲಿಲ್ಲ ಅಂತ ನನಗೆ ಗೊತ್ತು.

ನಿಯಮ ಬಂದು ಎಂಟು ತಿಂಗಳಾದಾಗ ಒಂದು ದಿನ ಬಂತು. ಜುಲೈ ತಿಂಗಳು, ಒಂದೇ ಸಮ ಮಳೆ. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗನ ಅಜ್ಜ ತೀರಿಕೊಂಡಿದ್ದರು. ಅವನ ತಂದೆ ಬಂದು, ಮುಂದಿನ ಭಾನುವಾರ ವೈಕುಂಠ ಸಮಾರಾಧನೆ, ಅಂಗಳದಲ್ಲಿ ಶಾಮಿಯಾನ ನಿಲ್ಲುತ್ತಿಲ್ಲ, ಹಾಲ್ ಸಿಗಬಹುದಾ ಅಂತ ಕೇಳಿದರು. ಪುಸ್ತಕ ತೆಗೆದೆ. ಆ ಭಾನುವಾರ ಬೆಳಿಗ್ಗೆ ಯೋಗ ತರಗತಿಯವರದ್ದು. ಅವರು ಜೂನ್‌ನಲ್ಲೇ ಬಂದು ವರ್ಷದ ಅಷ್ಟೂ ಭಾನುವಾರ ಬರೆಸಿದ್ದರು. ಪ್ರತಿ ಸಾಲಿಗೂ ಖಾತ್ರಿ ಸಹಿ ಇತ್ತು. ಊರಿಗೆ ತೆರೆದ ಕಾರ್ಯಕ್ರಮ ಬೇರೆ, ಮನೆಯ ಕಾರ್ಯಕ್ಕಿಂತ ಮೇಲಿನ ಸಾಲು.

ಸಾವಿನ ಮನೆಯವರು ಎರಡು ತಿಂಗಳು ಮೊದಲು ಬಂದು ಬರೆಸಲು ಆಗುವುದಿಲ್ಲ. ನಾವು ಐದೂ ಜನ ಅಷ್ಟು ಸಭೆ ಮಾಡಿದ್ದೆವು, ಯಾರಿಗೂ ಇದು ಹೊಳೆದಿರಲಿಲ್ಲ. ವಾರ ವಾರ ಬರುವವರು ಒಂದೇ ಅರ್ಜಿಯಲ್ಲಿ 40 ಭಾನುವಾರ ತೆಗೆದುಕೊಂಡುಬಿಡುತ್ತಾರೆ ಅನ್ನುವುದೂ ಹೊಳೆದಿರಲಿಲ್ಲ.

ಯೋಗ ಕಲಿಸುವ ಅಮ್ಮನವರಿಗೆ ಫೋನ್ ಮಾಡಿದೆ. ವಿಷಯ ಹೇಳಿ ಮುಗಿಸುವ ಮೊದಲೇ, "ಅಯ್ಯೋ, ಕೊಡಿ ಕೊಡಿ. ನಾವೂ ಅವತ್ತು ಅಲ್ಲಿಗೇ ಊಟಕ್ಕೆ ಬರೋರು" ಅಂದರು. ಅದಾದ ಮೇಲೆ ಪುಸ್ತಕದ ಮೊದಲ ಪುಟಕ್ಕೆ ಇನ್ನೊಂದು ಸಾಲು ಸೇರಿತು. ವಾರ ವಾರ ಹಾಲ್ ಬಳಸುವವರು ಎರಡು ತಿಂಗಳಿಗಿಂತ ಮುಂದಕ್ಕೆ ಬರೆಸುವ ಹಾಗಿಲ್ಲ. ಸಾವಿನ ಮನೆಯ ಕಾರ್ಯಕ್ಕೆ ಮೂರು ದಿನ ಮೊದಲು ಕೇಳಿದರೂ ಅವರು ಬಿಟ್ಟುಕೊಡಬೇಕು, ಬಾಡಿಗೆ ಅವರ ಮುಂದಿನ ವಾರಕ್ಕೆ ಜಮಾ. ಆ ಸಾಲಿನ ಕೆಳಗೆ ಯೋಗದ ಅಮ್ಮನವರೇ ಮೊದಲ ಸಹಿ ಹಾಕಿದರು.